ಪಾಲಿಸಿ ಮುಗಿದು 48 ದಿನ, ಅದೇ ರಾತ್ರಿ ಮಳೆ: ಹಲಗೆ ಹಾಕಿ ನೀರು ತಡೆದ ನನ್ನ ಅನುಭವ

ಹೊರಮಾವು ಕಡೆ ರಾಜಕಾಲುವೆಗೆ ಹತ್ತಿರ ಮನೆ ಇರುವವರಿಗೆ 2025ರ ಮೇ 18ರ ರಾತ್ರಿ ಚೆನ್ನಾಗಿ ನೆನಪಿರುತ್ತದೆ. ಭಾನುವಾರ. ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿ ನೂರು ಮಿಲಿಮೀಟರ್ ದಾಟಿತ್ತು ಮಳೆ. ನಮ್ಮ ಬೀದಿಯ ನೆಲಮಹಡಿಗಳಿಗೆಲ್ಲ ನೀರು ನುಗ್ಗಿತು. ನಮ್ಮ ಮನೆಗೆ ಹದಿನೈದು ಬಕೆಟ್ ಬಂತು, ಅಷ್ಟೇ. ಅದು ಹೇಗೆ ಅಂತ ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಮಗಳ ಶಾಲೆಗೆ ಏನೋ ವಿಳಾಸದ ದಾಖಲೆ ಬೇಕು ಅಂತ ಬೀರುವಿನ ಫೈಲು ತೆಗೆದೆ. ಮನೆ ವಿಮೆಯ ಕಾಗದ ಕೈಗೆ ಸಿಕ್ಕಿತು. ಸುಮ್ನೆ ಕಣ್ಣಾಡಿಸಿದೆ. ಕೊನೆಯ ದಿನ 31 ಮಾರ್ಚ್ 2025. ಎರಡು ಸಲ ಓದಿದೆ. ಹೆಂಡತಿಗೆ ತೋರಿಸಿದೆ, ಅವಳು ಕನ್ನಡಕ ಹಾಕಿಕೊಂಡು ಓದಿ, "ಸಾಲ ಇನ್ನೂ ಹನ್ನೊಂದು ವರ್ಷ ಇದೆಯಲ್ಲ, ಇದು ಹೇಗೆ ಮುಗಿಯಿತು?" ಅಂದಳು.

ಆಗಿದ್ದು ಇದು. 2022ರ ಏಪ್ರಿಲ್‌ನಲ್ಲಿ ಸಾಲವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸಿದಾಗ, ಅವರೇ ಪಾಲಿಸಿ ಮಾಡಿಸಿ ಪ್ರೀಮಿಯಂ ಹಿಡಿದುಕೊಂಡಿದ್ದರು. ಸಾಲ ಇರುವವರೆಗೂ ಪಾಲಿಸಿ ಇರುತ್ತದೆ ಅಂತ ನಾವು ಅಂದುಕೊಂಡೆವು. ಅದು ಬರೀ ಮೂರು ವರ್ಷದ್ದು. ನೆನಪಿಸುವ ಮೆಸೇಜು ಅಪ್ಪನ ಹಳೇ ನಂಬರಿಗೆ ಹೋಗಿರಬೇಕು. ಆ ನಂಬರ್ ಬಿಟ್ಟು ಎರಡು ವರ್ಷ ಆಗಿದೆ. ಸಾಲ ಬದಲಿಸಿದವರು ಇವತ್ತೇ ಹೋಗಿ ಆ ಕಾಗದದ ಅವಧಿ ನೋಡಿ, ಅದರಲ್ಲಿರುವ ಮೊಬೈಲ್ ನಂಬರನ್ನೂ ನೋಡಿ.

ತಕ್ಷಣ ಫೋನಿನಲ್ಲಿ ಹೊಸದು ಮಾಡಿಸಲು ಕೂತೆ. ಭಾರತ್ ಗೃಹ ರಕ್ಷಾ ಪಾಲಿಸಿನೇ, 2021ರಿಂದ ಎಲ್ಲಾ ಕಂಪನಿಗಳಲ್ಲೂ ಒಂದೇ ಶರತ್ತಿನಲ್ಲಿ ಸಿಗುವಂಥದ್ದು. ಹಿಂದಿನ ಪಾಲಿಸಿ ಮುಗಿದು 48 ದಿನ ಆಗಿದೆ ಅಂತ ಇದ್ದದ್ದನ್ನು ಇದ್ದ ಹಾಗೆ ತುಂಬಿದೆ. ಮನೆ ನೋಡಲು ಜನ ಬರಬೇಕು, ಆಮೇಲೆ ಪಾಲಿಸಿ ಅಂತ ಬಂತು. ಭಾನುವಾರ ಸಂಜೆ ಯಾರು ಬರುತ್ತಾರೆ? ನಾಲ್ಕು ದಿನ ಆಚೆ ಈಚೆ ನಡೆಯುತ್ತದೆ ಅಂದುಕೊಂಡು ಕೂರಬೇಡಿ. ದುಡ್ಡು ಅವರ ಕೈ ಸೇರಿ, ಅವರು ಒಪ್ಪಿಕೊಳ್ಳುವವರೆಗೆ ನಷ್ಟ ಪೂರ್ತಿ ನಮ್ಮದೇ.

ಭಾವನಿಗೆ ಫೋನ್ ಮಾಡಿದೆ. ಅವರು ಮನೆ ಕಟ್ಟಿಸುವ ಕಂಟ್ರಾಕ್ಟರ್. "ಗ್ಯಾಪ್ ಇಲ್ಲ ಅಂತ ತುಂಬು, ನಾಳೆ ಪಾಲಿಸಿ ಬರುತ್ತದೆ, ನೀರು ನಾಳೆ ರಾತ್ರಿ ಬಂತು ಅಂತ ಹೇಳು" ಅಂದರು. ನಾನು ಒಪ್ಪಲಿಲ್ಲ. ಅದು ಸುಳ್ಳು. ವಿಮೆಯವರ ಸರ್ವೇಯರ್ ಬಂದರೆ ಮೊದಲು ನೋಡುವುದೇ ಮಳೆ ಯಾವ ರಾತ್ರಿ ಬಿತ್ತು, ಪಕ್ಕದ ಮನೆಗೆ ನೀರು ಯಾವಾಗ ಬಂತು ಅಂತ. ಸಿಕ್ಕಿಬಿದ್ದರೆ ಮುಂದೆ ನಿಜವಾದ ಕ್ಲೇಮೂ ಕೈಬಿಟ್ಟು ಹೋಗುತ್ತದೆ. "ಹಾಗಾದರೆ ಆ ಹಲಗೆ ನಂಬಿಕೊಂಡು ಕೂತ್ಕೋ" ಅಂತ ಫೋನ್ ಇಟ್ಟರು. ಆಕಾಶ ಪೂರ್ವಕ್ಕೆ ಕಪ್ಪಾಗುತ್ತಿತ್ತು.

ಹಲಗೆಯ ಕತೆ ಹಳೆಯದು. 2022ರ ಸೆಪ್ಟೆಂಬರ್ ಮಳೆಗೆ ಗೋಣಿಚೀಲದಲ್ಲಿ ಎಂ-ಸ್ಯಾಂಡ್ ತುಂಬಿ ಬಾಗಿಲಿಗೆ ಒಡ್ಡಿದ್ದೆ. ಬಾಯಿವರೆಗೂ ತುಂಬಿ ಬಿಗಿಯಾಗಿ ಕಟ್ಟಿದ್ದೇ ತಪ್ಪು. ಚೀಲ ಕುಂಬಳಕಾಯಿ ಹಾಗೆ ಗುಂಡಗಾಯಿತು, ಒಂದಕ್ಕೊಂದು ಕೂರಲಿಲ್ಲ, ಸಂದಿಯಲ್ಲೆಲ್ಲ ನೀರು. ಅರ್ಧ ತುಂಬಿದ್ದರೆ ಚಪ್ಪಟೆಯಾಗಿ ಕೂರುತ್ತಿತ್ತು. ಆದರೆ ಆ ಸಲ ಮುಖ್ಯ ನೀರು ಬಂದದ್ದು ಬಾಗಿಲಿನಿಂದಲ್ಲ, ಬಚ್ಚಲ ಜಾಲರಿಯಿಂದ. ಫ್ರಿಜ್ಜು, ಯುಪಿಎಸ್ ಬ್ಯಾಟರಿ, ಎರಡು ವಾರ್ಡ್‌ರೋಬ್ ಸೇರಿ ಒಂದು ಲಕ್ಷದ ಎಂಬತ್ತು ಸಾವಿರದ ಹತ್ತಿರ ಹೋಯಿತು. ವಿಮೆಯಿಂದ ಒಂದು ಲಕ್ಷದ ಮೇಲೆ ಸ್ವಲ್ಪ ಬಂತು.

2024ರ ಅಕ್ಟೋಬರಿನಲ್ಲಿ ಪ್ಲೈವುಡ್ ಹಲಗೆಯನ್ನು ಬಾಗಿಲ ಒಳಗಡೆಯಿಂದ ಒಡ್ಡಿ ಸಿಲಿಕೋನ್ ಹಚ್ಚಿದೆ. ಒಂದು ಅಡಿ ನೀರು ನಿಂತಿದ್ದೇ ತಡ, ಹಲಗೆ ಒಳಕ್ಕೆ ಬಿತ್ತು. ಆಮೇಲೆ ಲೆಕ್ಕ ಹಾಕಿದೆ. ಮೂರಡಿ ಅಗಲದ ಬಾಗಿಲಿಗೆ ಒಂದೂವರೆ ಅಡಿ ನೀರು ನಿಂತರೆ ತೊಂಬತ್ತು, ನೂರು ಕೆಜಿ ತಳ್ಳುತ್ತದೆ. ಹಸಿ ಸಿಲಿಕೋನ್ ಏನು ತಡೆದೀತು? ಅದೇ ಹಲಗೆಯನ್ನು ಹೊರಗಡೆ ಹಾಕಿದರೆ ಅದೇ ನೂರು ಕೆಜಿ ಹಲಗೆಯನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ನೀರು ಏರಿದಷ್ಟೂ ಬಿಗಿ. ನನ್ನ ಇಡೀ ಕೆಲಸ ನಿಂತಿರುವುದು ಈ ಒಂದು ಮಾತಿನ ಮೇಲೆ.

ಫೆಬ್ರವರಿಯಲ್ಲಿ ಮುಂಬಾಗಿಲಿನ ಹೊರಗೆ ಎರಡೂ ಕಡೆ ಎರಡಡಿ ಎತ್ತರದ ಅಲ್ಯೂಮಿನಿಯಂ ಚಾನೆಲ್ ಕೂರಿಸಿದೆ, ಆಂಕರ್ ಬೋಲ್ಟ್ ಹಾಕಿ. ಹದಿನೆಂಟು ಎಂಎಂ ವಾಟರ್‌ಪ್ರೂಫ್ ಪ್ಲೈವುಡ್ ಅದರೊಳಗೆ ಮೇಲಿನಿಂದ ಇಳಿಯುತ್ತದೆ. ಎಲ್ಲಾ ಸೇರಿ ಆರೂವರೆ ಸಾವಿರ ಆಗಿರಬೇಕು. ಬೀದಿಯವರು ನೋಡಿ ನಕ್ಕರು. "ನೀರಿಗೆ ಹಲಗೆ ಲೆಕ್ಕವಾ?" ಅಂತ ಎದುರು ಮನೆಯವರು ಕೇಳಿದ್ದರು. ನೀರು ಹಾಕಿ ಪರೀಕ್ಷೆ ಮಾಡಲು ಆಗಿರಲಿಲ್ಲ. ಹಿಂಬಾಗಿಲಿಗಂತೂ ಹಲಗೆಯೇ ಇರಲಿಲ್ಲ, ಚಾನೆಲ್ ಮಾತ್ರ. ವಿಮೆ ಇದೆಯಲ್ಲ ಅಂತ ತಳ್ಳುತ್ತಾ ಬಂದಿದ್ದೆ.

ಅವತ್ತು ನಾಲ್ಕು ಗಂಟೆಗೆ ಪ್ಲೈವುಡ್ ಅಂಗಡಿ ಮುಚ್ಚಿತ್ತು. ಅಪ್ಪ ಎದ್ದು ಹೋಗಿ ಅವರ ಹಳೇ ಊಟದ ಮೇಜನ್ನು ತಿರುಗಿಸಿ ಹಾಕಿ ಸ್ಕ್ರೂ ಬಿಚ್ಚಲು ಶುರುಮಾಡಿದರು. ಮದುವೆಯಾದ ವರ್ಷ ಮಾಡಿಸಿದ್ದು, ತೇಗದ್ದು. "ಕೊಯ್ಯಿ" ಅಂದರು, ಅಷ್ಟೇ. ಅಮ್ಮ ಒಳಗೆ ಹೋದರು, ಆಮೇಲೆ ಹಳೇ ಸೀರೆ ತಂದು ಕೊಟ್ಟರು, ಸಂದಿಗೆ ತುರುಕಲು.

ಎಲ್ಲರೂ ಎಡವುವುದು ಹಲಗೆಯ ಬುಡದಲ್ಲಿ. ಹೊಸಿಲ ಮುಂದಿನ ಗ್ರಾನೈಟ್ ನೋಡಲು ಮಟ್ಟ, ಆದರೆ ನೂಲು ಹಿಡಿದರೆ ನಡುವೆ ಮೂರ್ನಾಲ್ಕು ಎಂಎಂ ತಗ್ಗು. ಅಲ್ಲಿಂದಲೇ ನೀರು ಒಸರುತ್ತದೆ. ಸ್ಪಂಜು ಪಟ್ಟಿ ಸಾಲದು. ಸೈಕಲ್ ಟ್ಯೂಬನ್ನು ಉದ್ದಕ್ಕೆ ಮಡಚಿ ಹಲಗೆಯ ಬುಡಕ್ಕೆ ಮೊಳೆ ಹೊಡೆದೆ, ಮಡಿಕೆ ಹೊರಕ್ಕೆ ಇರುವ ಹಾಗೆ. ಆಮೇಲೆ ಚಾನೆಲ್‌ನ ಮೇಲ್ತುದಿಯಲ್ಲಿ ಮರದ ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೆದರೆ ಹಲಗೆ ಕೆಳಕ್ಕೆ ಒತ್ತಿ ಟ್ಯೂಬು ಚಪ್ಪಟೆಯಾಗುತ್ತದೆ. ಸುತ್ತಿಗೆ ಸದ್ದು ಬದಲಾಗುತ್ತದೆ, ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬಂದಾಗ ನಿಲ್ಲಿಸಬೇಕು. ಜಾಸ್ತಿ ಹೊಡೆದರೆ ಚಾನೆಲ್ ಬಾಗುತ್ತದೆ.

ಬಾಗಿಲಷ್ಟನ್ನೇ ಮುಚ್ಚಿ ಕೂತವರ ಮನೆಗೆ ಬಚ್ಚಲಿಂದ ಬರುತ್ತದೆ. ರಸ್ತೆಯ ಒಳಚರಂಡಿ ತುಂಬಿದರೆ ಅದು ನಮ್ಮ ಪೈಪಿನಲ್ಲೇ ವಾಪಸ್ ಹರಿಯುತ್ತದೆ. ಒಂದೊಂದು ಜಾಲರಿ, ಕಮೋಡು ಮುಚ್ಚುತ್ತಾ ಕೂರುವುದಕ್ಕಿಂತ ಕಾಂಪೌಂಡ್ ಒಳಗಿನ ಕೊನೆಯ ಚೇಂಬರಿನಲ್ಲಿ, ಹೊರಕ್ಕೆ ಹೋಗುವ ಪೈಪಿನ ಬಾಯನ್ನೇ ಮುಚ್ಚುವುದು ಒಳ್ಳೆಯದು. ಪ್ಲಂಬರುಗಳು ಲೈನ್ ಪರೀಕ್ಷೆಗೆ ಬಳಸುವ ರಬ್ಬರ್ ಪ್ಲಗ್ ಒಂಬೈನೂರಕ್ಕೆ ತಂದಿದ್ದೆ, ಆದರೆ ನನ್ನ ಹಳೇ ಸ್ಟೋನ್‌ವೇರ್ ಪೈಪಿನ ಬಾಯಿ ಸವೆದು ವಕ್ರವಾಗಿದೆ, ಅದು ಕೂರಲಿಲ್ಲ. ಕೊನೆಗೆ ಮಗಳ ವಾಲಿಬಾಲ್ ಬ್ಲ್ಯಾಡರ್ ಒಳಗೆ ತೂರಿಸಿ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆ. ಪೈಪು ಎಷ್ಟು ವಕ್ರವಾಗಿದ್ದರೂ ಅದರ ಆಕಾರಕ್ಕೇ ಉಬ್ಬಿ ಕೂರುತ್ತದೆ. ಹಿಂದಿನಿಂದ ನೀರು ತಳ್ಳಿದಾಗ ಅದು ಹಾರಿ ಬರದ ಹಾಗೆ ಹೇಗೆ ಕಟ್ಟಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದನ್ನು ಕಂಡುಕೊಳ್ಳಲು ನನಗೆ ನಾಲ್ಕು ಬ್ಲ್ಯಾಡರ್ ಹೋಗಿದೆ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಇದನ್ನು ಮಾಡುವವರು ಒಂದು ವಿಷಯ ಮರೆಯಬೇಡಿ. ಪೈಪು ಮುಚ್ಚಿದರೆ ನಿಮ್ಮದೇ ನೀರೂ ಹೊರಗೆ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ ಒಮ್ಮೆ ಪರೀಕ್ಷೆಗೆ ಮುಚ್ಚಿದ್ದಾಗ ಮೇಲ್ಮನೆ ಬಾಡಿಗೆಯವರಿಗೆ ಹೇಳಿರಲಿಲ್ಲ. ಅವರ ಸ್ನಾನದ ನೀರೆಲ್ಲ ನಮ್ಮ ಬಚ್ಚಲಲ್ಲಿ ಉಕ್ಕಿತು, ಸೋಪಿನ ನೊರೆ ಸಮೇತ. ಈ ಸಲ ಮೊದಲೇ ಹೋಗಿ ಕೇಳಿಕೊಂಡೆ. ಪಾಪ, ಅವರು ರಾತ್ರಿಯಿಡೀ ನಲ್ಲಿ ಮುಟ್ಟಲಿಲ್ಲ. ಚಿಕ್ಕ ಮಗುವಿದ್ದ ಮನೆ, ಬಕೆಟ್ಟಿನಲ್ಲೇ ನಡೆಸಿದರು.

ಅವರೇ ಒಂದು ಡೈಪರ್ ಕಟ್ಟು ಕೊಟ್ಟರು. ಹಿಂಬಾಗಿಲ ಮೇಜಿನ ಹಲಗೆ ಚಾನೆಲ್‌ಗೆ ಸ್ವಲ್ಪ ಸಡಿಲ, ಆ ಸಂದಿಗೆ ಡೈಪರ್ ತುರುಕಿ ನೋಡೋಣ ಅನಿಸಿತು. ನೀರು ಕುಡಿದು ಉಬ್ಬಿ ಅರ್ಧ ಗಂಟೆ ಅದ್ಭುತವಾಗಿ ತಡೆಯಿತು. ಆಮೇಲೆ ಒಳಗಿನದು ಲೋಳೆಯಾಗಿ ಜಾರಿ ಹೋಯಿತು. ಅಮ್ಮನ ಸೀರೆಯೇ ವಾಸಿ, ಹಗ್ಗದ ಹಾಗೆ ಹೊಸೆದು ಚಾಕುವಿನ ಹಿಂಬದಿಯಲ್ಲಿ ತುರುಕಿದ್ದು ಬೆಳಗಿನವರೆಗೂ ನಿಂತಿತು.

ರಾತ್ರಿ ಸಂಪಿನ ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಕಿ ಮೇಲೆ ಅರ್ಧ ತುಂಬಿದ ಮರಳು ಚೀಲ ಇಟ್ಟೆವು. ಯುಪಿಎಸ್ ಬ್ಯಾಟರಿಯನ್ನು ಮೇಜಿಲ್ಲದ ಕಾರಣ ಮಂಚದ ಮೇಲೆ. ಗೇಟಿನ ಕಂಬದಲ್ಲಿ ನೀರು ಕಂಡ ಕೂಡಲೇ ಮೇನ್ ಆಫ್. ಕಂಬಕ್ಕೆ ಮಗಳು ಸೀಮೆಸುಣ್ಣದಲ್ಲಿ ಇಂಚು ಇಂಚಿಗೆ ಗೆರೆ ಎಳೆದಿದ್ದಳು, ಟಾರ್ಚ್ ಬಿಟ್ಟು ಕೂಗುತ್ತಿದ್ದಳು. ಒಂದು ಗಂಟೆಗೆ ನಾಲ್ಕು. ಎರಡಕ್ಕೆ ಒಂಬತ್ತು. ಮೂರಕ್ಕೆ ಹದಿನಾಲ್ಕು, ಅಲ್ಲಿಗೆ ನಿಂತಿತು. ಇಪ್ಪತ್ತು ದಾಟಿದರೆ ನಾನೇ ಬೆಣೆ ಕಿತ್ತು ನೀರು ಒಳಗೆ ಬಿಡುವುದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅದಕ್ಕಿಂತ ಜಾಸ್ತಿ ತಡೆಯಲು ಹೋದರೆ ಹಲಗೆ ನಿಂತರೂ ಅರ್ಧ ಇಟ್ಟಿಗೆ ಗೋಡೆ ಬಿರುಕು ಬಿಡಬಹುದು, ಅದರ ಮುಂದೆ ಫ್ರಿಜ್ಜಿನ ನಷ್ಟ ಏನೂ ಅಲ್ಲ.

ಮುಂಬಾಗಿಲ ಹಲಗೆಗೆ ಕೈ ಒತ್ತಿ ಕೂತಿದ್ದೆ. ಆ ಕಡೆ ನೀರು ತಣ್ಣಗೆ ಒತ್ತುವುದು ಮರದ ಮೂಲಕ ಗೊತ್ತಾಗುತ್ತದೆ. ಬುಡದಲ್ಲಿ ಒಂದು ಕಡೆ ದಾರದಷ್ಟು ನೀರು ಒಸರುತ್ತಿತ್ತು, ಹೆಂಡತಿ ಬಟ್ಟೆ ಇಟ್ಟು ಹಿಂಡಿ ಬಕೆಟ್ಟಿಗೆ ಹಾಕುತ್ತಿದ್ದಳು. ಅಪ್ಪ ಲೆಕ್ಕ ಇಡುತ್ತಿದ್ದರು. ಬೆಳಗ್ಗೆ ಎಣಿಸಿದಾಗ ಹದಿನೈದು.

ಹತ್ತು ಗಂಟೆ ಹೊತ್ತಿಗೆ ನೀರು ಇಳಿಯಿತು. ಭಾವ ಬಂದು ಒಳಗೆ ಕಾಲಿಟ್ಟು ನೆಲ ಮುಟ್ಟಿ ನೋಡಿದರು. ಎದುರು ಮನೆಯವರು ಅದೇ ವಾರ ಬಂದು ಚಾನೆಲ್ ಅಳತೆ ತೆಗೆದುಕೊಂಡು ಹೋದರು.

ಹತ್ತು ದಿನ ಬಿಟ್ಟು ವಿಮೆಯವರು ಬಂದು ಮನೆ ನೋಡಿದರು. ಗ್ಯಾಪ್, ಆ ರಾತ್ರಿಯ ನೀರು, ಎಲ್ಲವನ್ನೂ ಹೇಳಿದೆ. ಹಲಗೆ ಹಾಕಿ ತೋರಿಸಿದೆ, ಫೋಟೋ ತೆಗೆದುಕೊಂಡರು. ಮೂರು ವರ್ಷಕ್ಕೆ ಏಳು ಸಾವಿರದ ಹತ್ತಿರ ಕಟ್ಟಿದೆ, ಕಟ್ಟಡದ ಜೊತೆ ಮನೆ ಸಾಮಾನೂ ಸೇರಿದೆ. ಈ ಪಾಲಿಸಿಯಲ್ಲಿ ಕಟ್ಟಡದ ಮೊತ್ತದ ನೂರಕ್ಕೆ ಇಪ್ಪತ್ತರಷ್ಟು, ಹತ್ತು ಲಕ್ಷದವರೆಗೆ, ಸಾಮಾನು ತಾನಾಗೇ ಬರುತ್ತದೆ, ಬೇಡ ಅಂತ ಟಿಕ್ ಮಾಡದಿದ್ದರೆ. ಮೊಬೈಲ್ ನಂಬರ್ ನನ್ನದು, ಹೆಂಡತಿಯದು ಎರಡೂ ಕೊಟ್ಟಿದ್ದೇನೆ. ಮುಗಿಯುವ ದಿನವನ್ನು ಅಡುಗೆಮನೆ ಕ್ಯಾಲೆಂಡರ್ ಹಿಂದೆ ಗೋಡೆ ಮೇಲೇ ಬರೆದಿದ್ದೇವೆ.

ಈಗ ಚೇಂಬರಿಗೆ ಬ್ಲ್ಯಾಡರ್ ಬದಲು ನಾನ್-ರಿಟರ್ನ್ ವಾಲ್ವ್ ಹಾಕಿಸುವ ಯೋಚನೆ ಇದೆ, ಆಗ ಹೊರಗಿನ ನೀರು ತಾನಾಗೇ ನಿಲ್ಲುತ್ತದೆ. ಆದರೆ ಅದರ ಮುಚ್ಚಳಕ್ಕೆ ಕೂದಲು, ಬಟ್ಟೆ ಚೂರು ಸಿಕ್ಕಿಕೊಂಡರೆ ಪೂರ್ತಿ ಮುಚ್ಚುವುದಿಲ್ಲ. ಅದಕ್ಕೇ ಬ್ಲ್ಯಾಡರ್ ಇನ್ನೂ ಎಸೆದಿಲ್ಲ. ಅಪ್ಪನಿಗೆ ಹೊಸ ಮೇಜು ಆರ್ಡರ್ ಮಾಡಿದ್ದೇವೆ, ಹಳೆಯ ಹಲಗೆ ಹಿಂಬಾಗಿಲ ಪಕ್ಕದಲ್ಲೇ ನಿಂತಿದೆ.