ರಾಜೀನಾಮೆ ಪತ್ರದಲ್ಲಿಯೇ ರಿಲೀವಿಂಗ್ ಲೆಟರ್ ಮತ್ತು ಅನುಭವ ಪ್ರಮಾಣಪತ್ರ ಕೇಳಿದ್ದು: ನನ್ನ ಅನುಭವ

ಕೊಪ್ಪಳ ತಾಲ್ಲೂಕಿನ ಒಂದು ಸ್ಪಂಜ್ ಐರನ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾನು ಕೆಮಿಸ್ಟ್ ಆಗಿದ್ದೆ. 2025ರ ಫೆಬ್ರುವರಿಯಲ್ಲಿ ತೋರಣಗಲ್ಲು ಭಾಗದ ಇನ್ನೊಂದು ಕಾರ್ಖಾನೆಯಿಂದ ಆಫರ್ ಲೆಟರ್ ಬಂತು. ಏಪ್ರಿಲ್ 7ಕ್ಕೆ ಹಾಜರಾಗಬೇಕು, ಹಾಜರಾಗುವ ದಿನ ಹಿಂದಿನ ಸಂಸ್ಥೆಯ ರಿಲೀವಿಂಗ್ ಲೆಟರ್ ಒಪ್ಪಿಸಬೇಕು, ಅನುಭವ ಪ್ರಮಾಣಪತ್ರವನ್ನು ಮೂರು ತಿಂಗಳೊಳಗೆ ಕೊಡಬೇಕು ಎಂದು ಅದರಲ್ಲಿತ್ತು. ಈ ಎರಡು ಕಾಗದಗಳಿಗೆ ಬೇರೆ ಬೇರೆ ಗಡುವು ಇದ್ದುದರಿಂದಲೇ, ಅವುಗಳನ್ನು ಹೇಗೆ ಕೇಳಬೇಕೆಂದು ರಾಜೀನಾಮೆ ಬರೆಯುವ ಮೊದಲೇ ಯೋಚಿಸಬೇಕಾಯಿತು.

ನಮ್ಮ ಕಾರ್ಖಾನೆಯಲ್ಲಿ ಬಹುತೇಕರು ರಾಜೀನಾಮೆಯನ್ನು ಎರಡೇ ಸಾಲಿನಲ್ಲಿ ಬರೆದು ಕೊಟ್ಟು, ಉಳಿದದ್ದನ್ನು ಕೊನೆಯ ದಿನ ಬಾಯಿಮಾತಿನಲ್ಲಿ ಕೇಳುತ್ತಿದ್ದರು. ಕೆಲಸ ಬಿಟ್ಟ ಮರುದಿನದಿಂದ ಪಂಚಿಂಗ್ ಕಾರ್ಡ್ ಇರುವುದಿಲ್ಲ, ಗೇಟಿನಲ್ಲಿ ಹೊರಗಿನವರಂತೆ ಪಾಸ್ ಬರೆಸಬೇಕು, ಪರ್ಸನಲ್ ವಿಭಾಗದವರಿಗೆ ನಮ್ಮ ಬೇಡಿಕೆ ಯಾವ ಫೈಲಿನಲ್ಲೂ ಇರುವುದಿಲ್ಲ. ರಾಜೀನಾಮೆ ಪತ್ರ ಹಾಗಲ್ಲ. ಅದಕ್ಕೆ ಇನ್‌ವರ್ಡ್ ನಂಬರ್ ಬೀಳುತ್ತದೆ, ವಿಭಾಗದ ಮುಖ್ಯಸ್ಥರ ಷರಾ ಬರುತ್ತದೆ, ಲೆಕ್ಕಪತ್ರ ವಿಭಾಗದವರೆಗೂ ಅದರ ಪ್ರತಿ ಹೋಗುತ್ತದೆ. ಸಂಸ್ಥೆ ಉತ್ತರಿಸಲೇಬೇಕಾದ ಕಾಗದವೆಂದರೆ ಅದೊಂದೇ. ಆದ್ದರಿಂದ ಬೇಡಿಕೆಯೂ ಅದರೊಳಗೇ ಇರಬೇಕೆಂದು ನಿರ್ಧರಿಸಿದೆ.

ಮೊದಲು ಕೊನೆಯ ಕೆಲಸದ ದಿನವನ್ನು ಗೊತ್ತುಮಾಡಿಕೊಂಡೆ, ಏಕೆಂದರೆ ಮುಂದೆ ಬರುವ ಪ್ರತಿಯೊಂದು ಕಾಗದವೂ ಆ ದಿನಾಂಕದ ಮೇಲೆಯೇ ನಿಲ್ಲುತ್ತದೆ. ನೇಮಕಾತಿ ಆದೇಶದಲ್ಲಿ 30 ದಿನಗಳ ನೋಟಿಸ್ ಎಂದಿತ್ತು. ಮಾರ್ಚ್ 3ರಂದು ಪತ್ರ ಕೊಟ್ಟರೆ ಮಾರ್ಚ್ 4 ಮೊದಲ ದಿನವಾಗುತ್ತದೆ. ಮಾರ್ಚ್ 31ರವರೆಗೆ 28 ದಿನ, ಉಳಿದ ಎರಡು ದಿನ ಏಪ್ರಿಲ್ 1 ಮತ್ತು 2. ಹೀಗೆ ಕೊನೆಯ ದಿನ ಏಪ್ರಿಲ್ 2 ಆಯಿತು. ಗಳಿಕೆ ರಜೆಯನ್ನು ನೋಟಿಸಿಗೆ ಹೊಂದಿಸಿ ಬೇಗ ಹೊರಡುವ ಆಲೋಚನೆಯೂ ಬಂದಿತ್ತು. ಆದರೆ ಅದಕ್ಕೆ ಅವಕಾಶವಿದೆಯೆಂದು ನೇಮಕಾತಿ ಆದೇಶದಲ್ಲಿ ಎಲ್ಲಿಯೂ ಇರಲಿಲ್ಲ, ಏಪ್ರಿಲ್ 7ಕ್ಕೆ ಸಮಯವೂ ಇತ್ತು. ಹಾಗಾಗಿ ಆ ಗೊಡವೆಗೆ ಹೋಗಲಿಲ್ಲ. ಪಾಳಿಯಲ್ಲಿ ಕೆಲಸ ಮಾಡುವವರು ಇನ್ನೊಂದನ್ನೂ ನೋಡಿಕೊಳ್ಳಬೇಕು. ಏಪ್ರಿಲ್ 2ರ ರಾತ್ರಿ ಪಾಳಿಗೆ ಹೋದರೆ ಕೆಲಸ ಮುಗಿಯುವುದು 3ರ ಬೆಳಿಗ್ಗೆ, ಮಸ್ಟರಿನಲ್ಲಿ ಹಾಜರಿ ಬೀಳುವುದು 2ಕ್ಕೆ. ಯಾರಾದರೂ 3 ಎಂದು ಬರೆದರೆ ಮುಂದಿನ ಎಲ್ಲ ಕಾಗದಗಳಲ್ಲಿ ಎರಡು ದಿನಾಂಕಗಳು ಓಡಾಡುತ್ತವೆ. ಕೊನೆಯ ವಾರ ಜನರಲ್ ಪಾಳಿ ಹಾಕಿಕೊಡುವಂತೆ ನಮ್ಮ ಇನ್‌ಚಾರ್ಜ್ ಅವರನ್ನು ಕೇಳಿಕೊಂಡದ್ದು ಇದೇ ಕಾರಣಕ್ಕೆ.

ನಮ್ಮಲ್ಲಿ ಪತ್ರವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನಾನು ಬರೆದ ಪತ್ರದ ಮುಖ್ಯ ಭಾಗವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ:

"ವಿಷಯ: ಲ್ಯಾಬ್ ಕೆಮಿಸ್ಟ್ ಹುದ್ದೆಗೆ ರಾಜೀನಾಮೆ ಹಾಗೂ ಬಿಡುಗಡೆ ಪತ್ರ, ಅನುಭವ ಪ್ರಮಾಣಪತ್ರಗಳಿಗಾಗಿ ಮನವಿ.

ಲ್ಯಾಬ್ ಕೆಮಿಸ್ಟ್ ಹುದ್ದೆಗೆ ನಾನು ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಆದೇಶದ ಪ್ರಕಾರ 30 ದಿನಗಳ ನೋಟಿಸ್ ಅವಧಿಯನ್ನು ಪೂರ್ಣಗೊಳಿಸಿ, 2025ರ ಏಪ್ರಿಲ್ 2ರಂದು ಕೆಲಸದ ಅವಧಿ ಮುಗಿದ ನಂತರ ಸೇವೆಯಿಂದ ಬಿಡುಗಡೆ ಹೊಂದಲು ಕೋರುತ್ತೇನೆ. ರಾಜೀನಾಮೆಯ ಅಂಗೀಕಾರವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ಬಿಡುಗಡೆ ಪತ್ರವನ್ನು ಏಪ್ರಿಲ್ 2ರಂದು ನೀಡಬೇಕಾಗಿಯೂ, ಅನುಭವ ಪ್ರಮಾಣಪತ್ರವನ್ನು ಅಂತಿಮ ಲೆಕ್ಕ ಚುಕ್ತಾ ಆಗುವ ವೇಳೆಗೆ ನೀಡಬೇಕಾಗಿಯೂ ಕೋರುತ್ತೇನೆ. ಅನುಭವ ಪ್ರಮಾಣಪತ್ರಕ್ಕೆ ಬೇಕಾದ ವಿವರಗಳು: 2021ರ ಆಗಸ್ಟ್ 16ರಿಂದ ಟ್ರೈನಿ ಕೆಮಿಸ್ಟ್, 2022ರ ಆಗಸ್ಟ್ 16ರಿಂದ ಲ್ಯಾಬ್ ಕೆಮಿಸ್ಟ್. ಕೆಲಸದ ಸ್ವರೂಪ: ಕಬ್ಬಿಣದ ಅದಿರು, ಕಲ್ಲಿದ್ದಲು ಮತ್ತು ಸ್ಪಂಜ್ ಐರನ್ ಮಾದರಿಗಳ ರಾಸಾಯನಿಕ ವಿಶ್ಲೇಷಣೆ. ನನ್ನ ಹೆಸರನ್ನು ಆಧಾರ್ ಕಾರ್ಡಿನಲ್ಲಿರುವಂತೆಯೇ ನಮೂದಿಸಬೇಕೆಂದು ವಿನಂತಿ.

ನನ್ನ ಹೊಣೆಯಲ್ಲಿರುವ ಕೆಲಸವನ್ನು ತಾವು ಸೂಚಿಸುವವರಿಗೆ ಒಪ್ಪಿಸಿ, ಸಂಸ್ಥೆಯ ವಸ್ತುಗಳನ್ನು ಹಿಂದಿರುಗಿಸುತ್ತೇನೆ."

ರಾಜೀನಾಮೆಯ ವಾಕ್ಯವನ್ನೂ ಪತ್ರಗಳ ಬೇಡಿಕೆಯನ್ನೂ ನಾನು ಬೇಕೆಂದೇ ಬೇರೆ ಬೇರೆ ಪ್ಯಾರಾಗಳಲ್ಲಿ ಇಟ್ಟೆ. "ಈ ಪತ್ರಗಳನ್ನು ಕೊಟ್ಟರೆ ಮಾತ್ರ ನನ್ನ ರಾಜೀನಾಮೆಯನ್ನು ಪರಿಗಣಿಸಿ" ಎಂಬ ಧಾಟಿ ಎಲ್ಲಿಯೂ ಬರಬಾರದು. ಷರತ್ತು ಹಾಕಿದ ರಾಜೀನಾಮೆ ನಿಜಕ್ಕೂ ರಾಜೀನಾಮೆಯೇ ಎಂದು ಪ್ರಶ್ನಿಸಲು ಅದು ದಾರಿ ಕೊಡುತ್ತದೆ, ಮತ್ತು ಆ ಚರ್ಚೆಯಲ್ಲಿ ನೋಟಿಸ್ ಅವಧಿ ಎಂದಿನಿಂದ ಶುರುವಾಯಿತೆಂಬುದೇ ತಕರಾರಿಗೆ ಬೀಳುತ್ತದೆ. ಹಳೆಯ ಓವರ್‌ಟೈಮ್ ಬಾಕಿಯ ಮಾತನ್ನಾಗಲಿ, ಮೇಲಿನವರ ಬಗೆಗಿನ ದೂರನ್ನಾಗಲಿ ಅದರಲ್ಲಿ ಸೇರಿಸಲಿಲ್ಲ. ಅವಕ್ಕೆ ಬೇರೆ ಪತ್ರವಿದೆ.

ಅಂಗೀಕಾರವನ್ನು ಲಿಖಿತವಾಗಿ ಕೇಳಿದ ವಾಕ್ಯವೇ ಇಡೀ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು. ಅನೇಕ ಕಾರ್ಖಾನೆಗಳು ರಿಲೀವಿಂಗ್ ಲೆಟರನ್ನು ಅಂತಿಮ ಲೆಕ್ಕ ಮುಗಿದ ಮೇಲೆಯೇ ಕೊಡುತ್ತವೆ, ಆ ಲೆಕ್ಕ ಒಂದು ಒಂದೂವರೆ ತಿಂಗಳು ಹಿಡಿಯುವುದುಂಟು. ಹೊಸ ಸಂಸ್ಥೆಯವರಿಗೆ ಅಷ್ಟು ಕಾಯುವ ವ್ಯವಧಾನ ಇರುವುದಿಲ್ಲ. "ನಿಮ್ಮ ರಾಜೀನಾಮೆಯನ್ನು ಅಂಗೀಕರಿಸಲಾಗಿದೆ, ಕೊನೆಯ ಕೆಲಸದ ದಿನ ಏಪ್ರಿಲ್ 2" ಎಂಬ ಕಾಗದ ಕೈಯಲ್ಲಿದ್ದರೆ, ರಿಲೀವಿಂಗ್ ಲೆಟರ್ ಬರುವವರೆಗೆ ಅದನ್ನು ತಾತ್ಕಾಲಿಕವಾಗಿ ಒಪ್ಪಿಕೊಳ್ಳುವ ಸಂಸ್ಥೆಗಳಿವೆ. ಒಪ್ಪುತ್ತಾರೆಯೇ ಎಂದು ನಾನು ಹೊಸ ಕಾರ್ಖಾನೆಯ ಎಚ್‌ಆರ್ ಅವರನ್ನು ಮೊದಲೇ ಇ-ಮೇಲ್‌ನಲ್ಲಿ ಕೇಳಿ ಉತ್ತರ ಪಡೆದಿದ್ದೆ.

ಪತ್ರವನ್ನು ಎರಡು ಪ್ರತಿ ಮಾಡಿ ಮಾರ್ಚ್ 3ರಂದು ಪರ್ಸನಲ್ ವಿಭಾಗಕ್ಕೆ ಕೊಟ್ಟೆ. ಒಂದರ ಮೇಲೆ ಇನ್‌ವರ್ಡ್ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡು ನನ್ನಲ್ಲಿ ಇಟ್ಟುಕೊಂಡೆ. ಅದೇ ದಿನ ಅದರ ಸ್ಕ್ಯಾನ್ ಪ್ರತಿಯನ್ನು ನನ್ನ ಸ್ವಂತ ಇ-ಮೇಲ್‌ನಿಂದಲೂ ಕಳುಹಿಸಿದೆ, ಏಕೆಂದರೆ ಸಂಸ್ಥೆ ಕೊಟ್ಟ ಇ-ಮೇಲ್ ಕೊನೆಯ ದಿನ ಮುಚ್ಚಿಹೋಗುತ್ತದೆ.

ಪರ್ಸನಲ್ ಅಧಿಕಾರಿ ಪತ್ರ ಓದಿ, "ಎರಡು ಕಾಗದ ಯಾಕಪಾ? ರಿಲೀವಿಂಗು, ಎಕ್ಸ್‌ಪೀರಿಯನ್ಸು ಎರಡೂ ಒಂದರಾಗ ಬರದು ಕೊಡ್ತೀವಲ್ಲ" ಎಂದರು. "ಸರ್, ಒಂದರಾಗ ಕೊಟ್ರೂ ನಡಿತೈತ್ರಿ, ಆದ್ರ ಅದು ಎರಡನೇ ತಾರೀಖಿಗೆ ಸಿಗಬೇಕ್ರಿ" ಎಂದೆ. ಒಂದೇ ಪತ್ರದಲ್ಲಿ ಎರಡನ್ನೂ ಸೇರಿಸುವುದು ತಪ್ಪೇನಲ್ಲ, ರೂಢಿಯಲ್ಲೂ ಇದೆ. ಆದರೆ ಅನುಭವದ ವಿವರಕ್ಕೆ ಪ್ರಯೋಗಾಲಯದ ಮುಖ್ಯಸ್ಥರ ಸಹಿ ಬೇಕು, ಅಂತಿಮ ಲೆಕ್ಕಕ್ಕೆ ಲೆಕ್ಕಪತ್ರ ವಿಭಾಗದ ಒಪ್ಪಿಗೆ ಬೇಕು. ಈ ಎರಡರಲ್ಲಿ ಯಾವುದು ತಡವಾದರೂ ಬಿಡುಗಡೆಯ ಕಾಗದವೂ ಅದರ ಜೊತೆ ಮೇಜಿನ ಮೇಲೆ ಕೂರುತ್ತದೆ. ನೋಟಿಸ್ ಮುಗಿಸಿ ಸಂಸ್ಥೆಯ ಒಪ್ಪಿಗೆಯ ಮೇಲೆ ಹೊರಟಿದ್ದೇನೆ ಎಂದಷ್ಟೇ ರಿಲೀವಿಂಗ್ ಲೆಟರ್ ಹೇಳುತ್ತದೆ, ಅದಕ್ಕೆ ಕಾಯುವಂಥದ್ದೇನೂ ಇಲ್ಲ. ಅಧಿಕಾರಿ ಇದನ್ನು ಒಪ್ಪಿ, ನೋ ಡ್ಯೂಸ್ ಫಾರಂ ಮುಗಿಸಿ ತಂದರೆ ಅದೇ ದಿನ ಕೊಡುವುದಾಗಿ ಹೇಳಿದರು. ನಾಲ್ಕೈದು ದಿನಗಳಲ್ಲಿ ಅಂಗೀಕಾರ ಪತ್ರವೂ ಬಂತು.

ಅನುಭವದ ದಿನಾಂಕಗಳ ವಿಷಯದಲ್ಲಿ ನಮ್ಮ ಭಾಗದ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಒಂದು ತೊಡಕು ಸಾಮಾನ್ಯ. ಟ್ರೈನಿ ಆಗುವ ಮೊದಲು ನಾನು ಅದೇ ಪ್ರಯೋಗಾಲಯದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಗುತ್ತಿಗೆದಾರರ ಕಡೆಯಿಂದ ಮಾದರಿ ಸಿದ್ಧಪಡಿಸುವ ಕೆಲಸ ಮಾಡಿದ್ದೆ. ಅದೇ ಕಟ್ಟಡ, ಅದೇ ಮೇಜು, ಅದೇ ಇನ್‌ಚಾರ್ಜ್. ಆದರೂ ಆ ಅವಧಿ ಸಂಸ್ಥೆಯ ದಾಖಲೆಯಲ್ಲಿ ಇಲ್ಲ, ಭವಿಷ್ಯ ನಿಧಿಯ ದಾಖಲೆಯಲ್ಲಿ ಗುತ್ತಿಗೆದಾರರ ಹೆಸರೇ ಇದೆ. ಅದನ್ನೂ ಸೇರಿಸಿ ಬರೆಯುವಂತೆ ಕೇಳಿದ್ದರೆ ಸಂಸ್ಥೆಯವರು ಒಪ್ಪುತ್ತಿರಲಿಲ್ಲ. ಒಪ್ಪಿದ್ದರೂ ಹೊಸ ಕಡೆಯ ಪರಿಶೀಲನೆಯಲ್ಲಿ ಭವಿಷ್ಯ ನಿಧಿಯ ದಾಖಲೆಗೆ ತಾಳೆಯಾಗದೆ ಇಡೀ ಪ್ರಮಾಣಪತ್ರದ ಮೇಲೆಯೇ ಅನುಮಾನ ಹುಟ್ಟುತ್ತಿತ್ತು. ಆದ್ದರಿಂದ ರಾಜೀನಾಮೆ ಪತ್ರದಲ್ಲಿ 2021ರ ಆಗಸ್ಟ್‌ನಿಂದ ಮಾತ್ರ ಬರೆದು, ಹಿಂದಿನ ಅವಧಿಗೆ ಗುತ್ತಿಗೆದಾರರಿಗೆ ಬೇರೆಯೇ ಅರ್ಜಿ ಕೊಟ್ಟೆ. ಕೆಲಸ ಬಿಟ್ಟ ಕಾರ್ಮಿಕನಿಗೆ ಗುತ್ತಿಗೆದಾರನು ಸೇವಾ ಪ್ರಮಾಣಪತ್ರ ಕೊಡಬೇಕೆಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ನಿಯಮಗಳಲ್ಲಿಯೇ ಇತ್ತು. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿದ್ದರಿಂದ ಕೆಲಸ ಸುಲಭವಾಯಿತು.

ಕೆಲಸದ ಸ್ವರೂಪವನ್ನು ನಾವೇ ಬರೆದುಕೊಡದಿದ್ದರೆ ಪ್ರಮಾಣಪತ್ರದಲ್ಲಿ "ಪ್ರಯೋಗಾಲಯ ವಿಭಾಗದಲ್ಲಿ ಸೇವೆ ಸಲ್ಲಿಸಿದ್ದಾರೆ" ಎಂದಷ್ಟೇ ಬರುತ್ತದೆ. ಮುಂದೊಮ್ಮೆ ಸಂದರ್ಶನದಲ್ಲಿ ಕೂತವರಿಗೆ, ಈತ ಮಾದರಿ ಪುಡಿ ಮಾಡುತ್ತಿದ್ದನೋ ಅದಿರಿನ ಒಟ್ಟು ಕಬ್ಬಿಣಾಂಶ ಕಂಡುಹಿಡಿಯುತ್ತಿದ್ದನೋ ಅದರಿಂದ ತಿಳಿಯದು. ಹಾಗೆಂದು ಉದ್ದ ಪಟ್ಟಿ ಕೊಟ್ಟರೆ ಯಾರೂ ಟೈಪ್ ಮಾಡುವುದಿಲ್ಲ. ಒಂದು ಸಾಲು ಸಾಕು, ಮತ್ತು ಅದು ವಿಭಾಗದ ಮುಖ್ಯಸ್ಥರು ಹಿಂಜರಿಯದೆ ಸಹಿ ಹಾಕುವಂಥ ನಿಜವಾಗಿರಬೇಕು.

ನೋ ಡ್ಯೂಸ್ ಫಾರಂ ಹಿಡಿದು ಸ್ಟೋರ್, ಸೇಫ್ಟಿ, ಕ್ಯಾಂಟೀನ್, ಟೈಮ್ ಆಫೀಸ್, ಲೆಕ್ಕಪತ್ರ ಎಂದು ತಿರುಗುವುದನ್ನು ಕೊನೆಯ ದಿನಕ್ಕೆ ಬಿಡದೆ ಆ ವಾರದ ಆರಂಭದಲ್ಲಿಯೇ ಮುಗಿಸಿದೆ. ಹೆಲ್ಮೆಟ್ಟು, ಪಂಚಿಂಗ್ ಕಾರ್ಡು ಮಾತ್ರ ಕೊನೆಯ ದಿನ ಒಪ್ಪಿಸುವಂಥವು. ಏಪ್ರಿಲ್ 2ರ ಸಂಜೆ ರಿಲೀವಿಂಗ್ ಲೆಟರ್ ಕೈಗೆ ಬಂದಾಗ ಅಲ್ಲಿಯೇ ನಿಂತು ಹೆಸರಿನ ಅಕ್ಷರಗಳು, ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಸಹಿ, ಸೀಲು ಎಲ್ಲವನ್ನೂ ನೋಡಿಕೊಂಡೆ. ಹುದ್ದೆಯ ಜಾಗದಲ್ಲಿ ಟ್ರೈನಿ ಕೆಮಿಸ್ಟ್ ಎಂದಿತ್ತು. ನನ್ನ ಪ್ರತಿಯ ಮೇಲಿನ ಸೀಲನ್ನೂ ಆ ಸಾಲನ್ನೂ ತೋರಿಸಿದ ಮೇಲೆ ಗುಮಾಸ್ತರು ತಕರಾರಿಲ್ಲದೆ ಬೇರೆ ಪ್ರತಿ ತೆಗೆದುಕೊಟ್ಟರು.

ಅನುಭವ ಪ್ರಮಾಣಪತ್ರ ಮೇ ತಿಂಗಳಲ್ಲಿ, ಅಂತಿಮ ಲೆಕ್ಕದ ಹಣದ ಜೊತೆ ಬಂತು. ಅದರ ದಿನಾಂಕಗಳನ್ನು ಭವಿಷ್ಯ ನಿಧಿಯ ಜಾಲತಾಣದಲ್ಲಿ ನನ್ನ ಸೇವಾ ವಿವರದ ಜೊತೆ ಹೋಲಿಸಿದೆ. ಅಲ್ಲಿ ಬಿಟ್ಟ ದಿನ ನಮೂದಾಗಿದ್ದು ಏಪ್ರಿಲ್ 2 ಎಂದೇ ಇತ್ತು. ಹಳೆಯ ಸಂಸ್ಥೆ ಅದನ್ನು ನಮೂದಿಸದೆ ಬಿಟ್ಟಿದ್ದರೆ, ಕೊನೆಯ ವಂತಿಗೆಯಿಂದ ಎರಡು ತಿಂಗಳು ಕಳೆದ ಮೇಲೆ ನೌಕರನೇ `Mark Exit` ಎಂಬಲ್ಲಿ ಹೋಗಿ ನಮೂದಿಸಬಹುದು. ಆಗಲೂ ಹಾಕಬೇಕಾದದ್ದು ರಿಲೀವಿಂಗ್ ಲೆಟರಿನಲ್ಲಿರುವ ದಿನಾಂಕವನ್ನೇ.