ಐದನೇ ತಿಂಗಳ ಸ್ಕ್ಯಾನ್: ರಿಪೋರ್ಟ್ ಓದುವುದು ಹೇಗೆ?

ಹೊಟ್ಟೆಯಲ್ಲಿರುವ ಮಗುವಿನ ಅಂಗಾಂಗಗಳನ್ನು ಒಂದೊಂದಾಗಿ ನೋಡುವ ಈ ಅನಾಮಲಿ ಸ್ಕ್ಯಾನ್ ಮುಗಿಸಿ ಬಂದವರಲ್ಲಿ ಎರಡು ಥರದ ಜನರನ್ನು ದಿನಾ ನೋಡುತ್ತೇನೆ. ಒಬ್ಬರು ರಿಪೋರ್ಟಿನಲ್ಲಿ ಅರ್ಥವಾಗದ ಒಂದು ಪದ ಹಿಡಿದುಕೊಂಡು, ಅದನ್ನು ಮೊಬೈಲಿನಲ್ಲಿ ಹುಡುಕಿ, ರಾತ್ರಿಯೆಲ್ಲ ಅತ್ತು ಬೆಳಿಗ್ಗೆ ಬರುತ್ತಾರೆ. ಇನ್ನೊಬ್ಬರು ಕೊನೆಯ ಸಾಲಿನಲ್ಲಿ ‘ದೋಷ ಕಂಡುಬಂದಿಲ್ಲ’ ಎಂದಿದ್ದನ್ನು ನೋಡಿ ಮಗುವಿಗೆ ಗ್ಯಾರಂಟಿ ಕಾರ್ಡ್ ಸಿಕ್ಕಿತು ಎಂದುಕೊಳ್ಳುತ್ತಾರೆ. ಇಬ್ಬರೂ ರಿಪೋರ್ಟನ್ನು ತಪ್ಪಾಗಿಯೇ ಓದಿರುತ್ತಾರೆ. ಸ್ಕ್ಯಾನ್ ಮಾಡಿಸುವುದು ಸುಲಭ, ಓದುವುದೇ ಕಷ್ಟ. ಹಾಗಾಗಿ ಮೊದಲ ಹಂತಗಳನ್ನು ಬೇಗ ಮುಗಿಸುತ್ತೇನೆ.

ಹಂತ 1: ಸರಿಯಾದ ವಾರಕ್ಕೆ ಹೋಗಿ

18ರಿಂದ 22 ವಾರದ ಒಳಗೆ ಮಾಡಿಸಬೇಕು. ನನ್ನನ್ನು ಕೇಳಿದರೆ 20ನೇ ವಾರವೇ ಒಳ್ಳೆಯದು. 16ಕ್ಕೇ ಬಂದರೆ ಹೃದಯ ತೀರಾ ಚಿಕ್ಕದಿರುತ್ತದೆ, ತಡ ಮಾಡಿದರೆ ಮುಂದಿನ ಪರೀಕ್ಷೆಗಳಿಗೆ ಸಮಯ ಸಾಲುವುದಿಲ್ಲ. ಮೂರನೇ ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯ ರಿಪೋರ್ಟ್‌ಗಳನ್ನು ಮರೆಯದೆ ತನ್ನಿ. ಅವಿಲ್ಲದೆ ಈ ಸ್ಕ್ಯಾನಿನ ಅರ್ಧ ಅರ್ಥ ಕಳೆದುಹೋಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಲೀಟರ್‌ಗಟ್ಟಲೆ ನೀರು ಕುಡಿದು, ಮೂತ್ರ ತಡೆದುಕೊಂಡು ಒದ್ದಾಡುವುದೇನೂ ಬೇಡ.

ಹಂತ 2: ಒಳಗೆ ಏನು ನೋಡುತ್ತಾರೆ

ತಲೆಯಿಂದ ಪಾದದವರೆಗೆ ಒಂದು ಪಟ್ಟಿ ಇರುತ್ತದೆ. ಮೆದುಳು, ಮೇಲ್ದುಟಿ, ಹೃದಯ, ಎದೆ ಮತ್ತು ಹೊಟ್ಟೆಯ ನಡುವಿನ ಪರದೆ, ಜಠರ, ಕಿಡ್ನಿ, ಮೂತ್ರಕೋಶ, ಬೆನ್ನುಮೂಳೆ, ಕೈಕಾಲು. ಜೊತೆಗೆ ಮಾಸು ಎಲ್ಲಿದೆ, ಹೊಕ್ಕುಳ ಬಳ್ಳಿ ಹೇಗಿದೆ, ನೀರು ಎಷ್ಟಿದೆ ಎಂಬುದು.

ಕೆಲವೊಮ್ಮೆ ಒಂದು ಕಡೆಯ ತೊಂದರೆಗೆ ಇನ್ನೊಂದು ಕಡೆ ಸುಳಿವು ಸಿಗುತ್ತದೆ. ಬೆನ್ನುಹುರಿ ಮುಚ್ಚಿಕೊಳ್ಳದೆ ತೆರೆದೇ ಉಳಿಯುವ ಸ್ಪೈನಾ ಬೈಫಿಡಾವನ್ನೇ ನೋಡಿ. ಬೆನ್ನಿನಲ್ಲಿರುವ ಸಣ್ಣ ಸೀಳು ನೇರವಾಗಿ ಕಣ್ಣಿಗೆ ಬೀಳದೇ ಹೋಗಬಹುದು. ಆದರೆ ಆ ಸೀಳಿನಿಂದ ದ್ರವ ಸೋರಿ ಮೆದುಳು ಕೆಳಗೆ ಜಗ್ಗಿದಂತಾಗಿರುತ್ತದೆ. ಆಗ ಹಿಂಭಾಗದ ಸಣ್ಣ ಮೆದುಳು ಬಾಳೆಹಣ್ಣಿನ ಥರ ಬಾಗುತ್ತದೆ, ಹಣೆಯ ಎರಡೂ ಬದಿ ಒಳಗೆ ಸರಿದು ತಲೆ ನಿಂಬೆಹಣ್ಣಿನ ಆಕಾರಕ್ಕೆ ಬರುತ್ತದೆ. ನಮ್ಮ ಪಠ್ಯಗಳಲ್ಲೂ ಇವಕ್ಕೆ ಬನಾನಾ ಸೈನ್, ಲೆಮನ್ ಸೈನ್ ಎಂದೇ ಹೆಸರು. ಅದಕ್ಕೇ ಬೆನ್ನು ನೋಡಬೇಕಾದವರು ತಲೆಯನ್ನೂ ಅಷ್ಟು ಹೊತ್ತು ನೋಡುತ್ತಾರೆ.

ಹೃದಯಕ್ಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಬೇಕು. ನಾಲ್ಕು ಕೋಣೆ ಕಂಡರೆ ಸಾಲದು. ಅಲ್ಲಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಒಂದನ್ನೊಂದು ದಾಟಿ ಹೋಗುವುದೂ ಕಾಣಬೇಕು. ಅವು ಅದಲುಬದಲಾಗಿದ್ದರೂ ನಾಲ್ಕು ಕೋಣೆಗಳ ಚಿತ್ರ ಸರಿಯಾಗಿಯೇ ಬರಬಹುದು. ಈ ಹೊತ್ತಿನಲ್ಲಿ ಡಾಕ್ಟರು ಮಾತಾಡದೆ ಸುಮ್ನೆ ಪರದೆ ನೋಡುತ್ತಿದ್ದರೆ ಹೆದರಬೇಡಿ. ನಿಮಿಷಕ್ಕೆ 140 ಸಲ ಬಡಿಯುತ್ತಿರುವ ಪುಟ್ಟ ಹೃದಯದಲ್ಲಿ ರಕ್ತನಾಳ ಹುಡುಕುವವರಿಗೆ ಮಾತು ಬರುವುದಿಲ್ಲ, ಅಷ್ಟೆ.

ಮಗು ಬೆನ್ನು ಮೇಲೆ ಮಾಡಿ ಮಲಗಿದ್ದರೆ ಹೃದಯ, ಮುಖ ಎರಡೂ ಸರಿಯಾಗಿ ಕಾಣುವುದಿಲ್ಲ. ಸ್ವಲ್ಪ ಓಡಾಡಿ ಬನ್ನಿ ಅನ್ನುತ್ತೇವೆ. ಆಗಲೂ ತಿರುಗದಿದ್ದರೆ ಒಂದೆರಡು ವಾರ ಬಿಟ್ಟು ಬನ್ನಿ ಅನ್ನುತ್ತೇವೆ. ಬೇಜಾರು ಮಾಡಿಕೊಳ್ಳದೆ ಹೋಗಿ. ‘ಭ್ರೂಣದ ಭಂಗಿಯಿಂದ ಹೃದಯ ಪೂರ್ತಿ ಕಾಣಲಿಲ್ಲ’ ಎಂದು ಬರೆದಿದ್ದರೆ ಅದು ನಾರ್ಮಲ್ ರಿಪೋರ್ಟ್ ಅಲ್ಲ, ಅರ್ಧ ಮುಗಿದ ಸ್ಕ್ಯಾನ್. ಈ ಸಾಲನ್ನು ಓದದೆ ಫೈಲಿಗೆ ಸೇರಿಸಿ ಮರೆತವರು ಬೇಕಾದಷ್ಟು ಮಂದಿ.

ಅಂದಹಾಗೆ, ಮಗುವಿನ ಮುಖ ಬಣ್ಣಬಣ್ಣವಾಗಿ ತೋರಿಸುವ ತ್ರೀಡಿ, ಫೋರ್‌ಡಿ ಪ್ಯಾಕೇಜುಗಳು ಈ ಸ್ಕ್ಯಾನಿಗೆ ಬದಲಿಯಲ್ಲ. ಆಲ್ಬಮ್ಮಿಗೆ ಚೆನ್ನ. ಮೆದುಳು, ಹೃದಯ, ಕಿಡ್ನಿಯ ಪರೀಕ್ಷೆ ಮುಖ್ಯವಾಗಿ ಆ ಸಾದಾ ಕಪ್ಪುಬಿಳುಪು ಚಿತ್ರದಲ್ಲೇ ನಡೆಯುತ್ತದೆ. ಮನೆಯಲ್ಲೇ ಹೃದಯದ ಬಡಿತ ಕೇಳುವ ಡಾಪ್ಲರ್ ಯಂತ್ರವನ್ನಂತೂ ಕೊಳ್ಳಲೇಬೇಡಿ. ತಾಯಿಯ ನಾಡಿಯನ್ನೇ ಮಗುವಿನದೆಂದು ಕೇಳಿಸಿಕೊಂಡು ಸಮಾಧಾನಪಟ್ಟುಕೊಳ್ಳುವುದು ಅದರಲ್ಲಿ ಬಹಳ ಸುಲಭ.

ಹಂತ 3: ಅಳತೆಗಳನ್ನು ನೋಡಿ, ಡೇಟ್ ಬದಲಿಸಬೇಡಿ

ತಲೆ, ಹೊಟ್ಟೆ, ತೊಡೆಮೂಳೆಯ ಅಳತೆ ಹಾಕಿದ ಕೂಡಲೇ ಯಂತ್ರ ತಾನಾಗಿ ಒಂದು ಹೊಸ ಹೆರಿಗೆ ದಿನಾಂಕ ಕೊಡುತ್ತದೆ. ಅದನ್ನು ಬಿಟ್ಟುಬಿಡಿ. ಮೊದಲ ಮೂರು ತಿಂಗಳ ಸ್ಕ್ಯಾನಿನಲ್ಲಿ ನಿಗದಿಯಾದ ದಿನಾಂಕವೇ ಕೊನೆಯವರೆಗೂ ಇರುತ್ತದೆ. 20 ವಾರಕ್ಕೆ 19 ವಾರ 4 ದಿನದ ಅಳತೆ ಬಂದರೆ ಮಗು ಬೆಳೆದಿಲ್ಲ ಎಂದಲ್ಲ. ಅಳೆಯುವುದರಲ್ಲೇ ಅಷ್ಟು ಹೆಚ್ಚುಕಮ್ಮಿ ಬರುತ್ತದೆ.

ಮಾಸು ಕೆಳಗಿದೆ ಎಂದು ಬರೆದಿದ್ದರೂ ಅಷ್ಟೇ. ಗರ್ಭಕೋಶ ಬೆಳೆದಂತೆ ಹೆಚ್ಚಿನವರಲ್ಲಿ ಮಾಸು ಅದರ ಬಾಯಿಯಿಂದ ದೂರ ಸರಿಯುತ್ತದೆ. 32ನೇ ವಾರದ ಹೊತ್ತಿಗೆ ಇನ್ನೊಮ್ಮೆ ನೋಡಿಸಿದರೆ ಆಯಿತು. ನಡುವೆ ರಕ್ತ ಕಂಡರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ.

ಹಂತ 4: ದೋಷವೋ, ಗುರುತೋ?

ಎಲ್ಲರೂ ಎಡವುವುದು ಇಲ್ಲೇ. ರಿಪೋರ್ಟಿನಲ್ಲಿ ಏನೋ ಬರೆದಿದೆ ಎಂದರೆ ಅದು ಎರಡರಲ್ಲಿ ಒಂದಾಗಿರಬಹುದು. ಒಂದು, ದೇಹದ ರಚನೆಯಲ್ಲೇ ಇರುವ ದೋಷ. ಸೀಳುತುಟಿ, ಕಿಡ್ನಿ ಇಲ್ಲದಿರುವುದು, ಹೃದಯದ ಕೋಣೆ ಬೆಳೆಯದಿರುವುದು ಈ ಥರದವು. ಇನ್ನೊಂದು ‘ಸಾಫ್ಟ್ ಮಾರ್ಕರ್’. ಇದು ಕಾಯಿಲೆಯಲ್ಲ, ಬರೀ ಗುರುತು. ಆರೋಗ್ಯವಂತ ಮಕ್ಕಳಲ್ಲೂ ಇರುತ್ತದೆ. ಡೌನ್ ಸಿಂಡ್ರೋಮ್‌ನಂಥ ಕ್ರೋಮೋಸೋಮ್ ತೊಂದರೆ ಇರುವ ಮಕ್ಕಳಲ್ಲಿ ಸ್ವಲ್ಪ ಜಾಸ್ತಿ ಕಾಣುತ್ತದೆ ಎಂಬ ಕಾರಣಕ್ಕೆ ಅದನ್ನು ಬರೆಯುತ್ತೇವೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. 29 ವರ್ಷದ ಗರ್ಭಿಣಿ, 20 ವಾರ. ರಿಪೋರ್ಟಿನಲ್ಲಿ ‘ಎಡ ಕೋಣೆಯಲ್ಲಿ ಎಕೋಜೆನಿಕ್ ಇಂಟ್ರಾಕಾರ್ಡಿಯಾಕ್ ಫೋಕಸ್’ ಎಂದಿದೆ. ಮಿಕ್ಕಿದ್ದೆಲ್ಲ ಸರಿ ಇದೆ. ಮನೆಯವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಡಾಕ್ಟ್ರೇ, ಹಾರ್ಟಲ್ಲಿ ತೂತಾ?’

ಅಲ್ಲವೇ ಅಲ್ಲ. ಹೃದಯದ ಕವಾಟವನ್ನು ಹಿಡಿದಿರುವ ಒಂದು ಪುಟ್ಟ ಸ್ನಾಯುವಿನಲ್ಲಿ ಚೂರು ಕ್ಯಾಲ್ಸಿಯಂ ಸೇರಿ, ಪರದೆಯ ಮೇಲೆ ಮೂಳೆಯಷ್ಟೇ ಬೆಳ್ಳಗೆ ಹೊಳೆಯುವ ಚುಕ್ಕೆ ಅದು. ನೂರು ಮಕ್ಕಳಲ್ಲಿ ಮೂರರಿಂದ ಐದು ಮಕ್ಕಳಿಗೆ ಕಾಣುತ್ತದೆ. ಹೃದಯದ ಕೆಲಸಕ್ಕೆ ಅದರಿಂದ ಏನೂ ತೊಂದರೆ ಇಲ್ಲ.

ಹಾಗಾದರೆ ಡೌನ್ ಸಿಂಡ್ರೋಮ್? ಈಗ ಆ ಹಳೆಯ ರಿಪೋರ್ಟ್ ತೆಗೆಯಿರಿ. ಮೂರನೇ ತಿಂಗಳ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಸೇರಿಸಿ ಲೆಕ್ಕ ಹಾಕಿದಾಗ ಈಕೆಯ ಮಗುವಿಗೆ ಆ ಸಾಧ್ಯತೆ 3000ಕ್ಕೆ 1 ಎಂದು ಬಂದಿತ್ತು ಎಂದುಕೊಳ್ಳಿ. ಚುಕ್ಕೆ ಒಂದೇ ಇದ್ದು ಬೇರೆ ಏನೂ ಕಾಣದಿದ್ದರೆ ಈ ಲೆಕ್ಕ ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ. 3000ಕ್ಕೆ 1 ಇದ್ದದ್ದು 3000ಕ್ಕೆ 1ರ ಆಸುಪಾಸಿನಲ್ಲೇ ಉಳಿಯುತ್ತದೆ. ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆಯುವ ಆಮ್ನಿಯೋಸೆಂಟೆಸಿಸ್ ಇದೊಂದಕ್ಕಾಗಿ ಬೇಡ. ಚುಕ್ಕೆ ಹೋಯಿತಾ ಅಂತ ಪ್ರತಿ ತಿಂಗಳು ಸ್ಕ್ಯಾನ್ ಮಾಡಿಸುವುದಂತೂ ದಂಡ. ಹೋದರೂ ಲೆಕ್ಕ ಬದಲಾಗುವುದಿಲ್ಲ, ಉಳಿದರೂ ಬದಲಾಗುವುದಿಲ್ಲ.

ಎಲ್ಲ ಗುರುತುಗಳ ತೂಕ ಒಂದೇ ಅಲ್ಲ ಅನ್ನುವುದನ್ನು ಮಾತ್ರ ಮರೆಯಬೇಡಿ. ಅದೇ ಗರ್ಭಿಣಿಗೆ ಚುಕ್ಕೆಯ ಬದಲು ಮಗುವಿನ ಕತ್ತಿನ ಹಿಂದಿನ ಚರ್ಮದ ಮಡಿಕೆ 6 ಮಿಲಿಮೀಟರ್‌ಗಿಂತ ದಪ್ಪ ಇತ್ತು ಅನ್ನಿ. ಆಗ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಏರುತ್ತದೆ. 3000ಕ್ಕೆ 1 ಇದ್ದದ್ದು ಹತ್ತಿರಹತ್ತಿರ 800ಕ್ಕೆ 1 ಆಗುತ್ತದೆ. ಆಗಲೂ 800ರಲ್ಲಿ 799 ಮಕ್ಕಳಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. ಆದರೆ ಕೂತು ಮಾತಾಡಬೇಕಾದ ವಿಷಯ ಅದು. ಮೂಗಿನ ಮೂಳೆ ಕಾಣದಿದ್ದರೆ, ಎರಡು ಮೂರು ಗುರುತು ಒಟ್ಟಿಗೆ ಇದ್ದರೆ ಇನ್ನೂ ಜಾಸ್ತಿ.

ಮೂರನೇ ತಿಂಗಳ ಪರೀಕ್ಷೆಯನ್ನೇ ಮಾಡಿಸದವರ ಬಳಿ ಹೋಲಿಸಲು ಯಾವ ಲೆಕ್ಕವೂ ಇರುವುದಿಲ್ಲ. ಚುಕ್ಕೆ ಕಂಡು ಮನಸ್ಸು ತಡೆಯದಿದ್ದರೆ ಅಂಥವರು ತಾಯಿಯ ರಕ್ತದಿಂದಲೇ ಮಾಡುವ ಎನ್‌ಐಪಿಟಿ ಪರೀಕ್ಷೆಯ ಬಗ್ಗೆ ಡಾಕ್ಟರ ಹತ್ತಿರ ಕೇಳಿ. ಅದು ಸರಿ ಬಂದರೆ ಒಂಟಿ ಚುಕ್ಕೆಯ ಕಥೆ ಅಲ್ಲಿಗೆ ಮುಗಿಯಿತು.

ಹಂತ 5: ‘ಕಂಡುಬಂದಿಲ್ಲ’ ಅಂದರೆ ಎಷ್ಟು?

ಸ್ಕ್ಯಾನ್ ತೋರಿಸುವುದು ಆಕಾರವನ್ನು. ಕ್ರೋಮೋಸೋಮ್ ಅದಕ್ಕೆ ಕಾಣುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಎಷ್ಟೋ ಮಕ್ಕಳ ಅನಾಮಲಿ ಸ್ಕ್ಯಾನ್ ಪೂರ್ತಿ ನಾರ್ಮಲ್ ಆಗಿರುತ್ತದೆ. ಕಿವಿ ಕೇಳುತ್ತದಾ, ಕಣ್ಣು ಕಾಣುತ್ತದಾ, ಮುಂದೆ ಆಟಿಸಂ ಬರುತ್ತದಾ, ಬುದ್ಧಿ ಹೇಗೆ ಎಂಬುದಕ್ಕೂ ಇಲ್ಲಿ ಉತ್ತರವಿಲ್ಲ.

ಆಕಾರದ ದೋಷಗಳಲ್ಲೂ ಎಲ್ಲವೂ ಸಿಗುವುದಿಲ್ಲ. ಬ್ರಿಟನ್ನಿನ ಸ್ಕ್ರೀನಿಂಗ್ ಕಾರ್ಯಕ್ರಮ ತನ್ನ 20 ವಾರದ ಸ್ಕ್ಯಾನಿಗೆ ಇಟ್ಟುಕೊಂಡ ಅಂದಾಜನ್ನೇ ನೋಡಿ. ತಲೆಬುರುಡೆ ಬೆಳೆಯದ ದೋಷ ನೂರಕ್ಕೆ 98 ಸಿಗುತ್ತದೆ. ತೆರೆದ ಸ್ಪೈನಾ ಬೈಫಿಡಾ 90, ಸೀಳುತುಟಿ 75. ಗಂಭೀರ ಹೃದಯದೋಷ ಮಾತ್ರ ನೂರಕ್ಕೆ 50. ನುರಿತ ಕೈಯಲ್ಲಿ ಇದಕ್ಕಿಂತ ಜಾಸ್ತಿ ಸಿಗಬಹುದು, ಆದರೆ ನೂರಕ್ಕೆ ನೂರು ಎಲ್ಲೂ ಇಲ್ಲ.

ಹೃದಯಕ್ಕೆ ಇದರಲ್ಲಿ ಒಂದು ವಿಶೇಷ ಕಾರಣವೂ ಇದೆ. ಹೊಟ್ಟೆಯೊಳಗಿನ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಹಾಗಾಗಿ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ, ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಅಡ್ಡದಾರಿ ತೆರೆದೇ ಇರಬೇಕು. ಹುಟ್ಟಿದ ಮೇಲೆ ಅವು ಮುಚ್ಚಿಕೊಳ್ಳುತ್ತವೆ. ಕೆಲವರಲ್ಲಿ ಮುಚ್ಚುವುದಿಲ್ಲ, ಆಗ ಅದು ತೊಂದರೆಯಾಗಬಹುದು. ಎಲ್ಲ ಮಕ್ಕಳಲ್ಲೂ ತೆರೆದಿರುವ ಬಾಗಿಲು ನಾಳೆ ಯಾರಲ್ಲಿ ಮುಚ್ಚದು ಎಂದು 20ನೇ ವಾರದಲ್ಲಿ ಹೇಳುವುದು ಹೇಗೆ? ಹಾಗಾಗಿ ‘ಸ್ಕ್ಯಾನಲ್ಲಿ ಸರಿ ಇತ್ತು, ಹುಟ್ಟಿದ ಮೇಲೆ ತೂತು ಅಂತಾರೆ’ ಅಂದರೆ ಯಾರೋ ಮೋಸ ಮಾಡಿದರು ಎಂದೇ ಅರ್ಥವಲ್ಲ.

ಇನ್ನು ಕೆಲವು ತೊಂದರೆಗಳು ಆ ಹೊತ್ತಿಗೆ ಕಣ್ಣಿಗೆ ಬೀಳುವುದೇ ಇಲ್ಲ. ಸಣ್ಣ ಕರುಳಿನ ಆರಂಭದಲ್ಲೇ ಅಡ್ಡಿ ಇದ್ದರೆ ಅದರ ಚಿಹ್ನೆ ಸಾಮಾನ್ಯವಾಗಿ 24 ವಾರ ದಾಟಿದ ಮೇಲೆ ಕಾಣುತ್ತದೆ. ಕುಬ್ಜತೆ ತರುವ ಅಕಾಂಡ್ರೋಪ್ಲೇಸಿಯಾದಲ್ಲಿ ತೊಡೆಮೂಳೆ 20 ವಾರಕ್ಕೆ ಸರಿಯಾಗಿಯೇ ಇದ್ದು ಆಮೇಲೆ ಹಿಂದೆ ಬೀಳುತ್ತದೆ. ತುಟಿ ಸರಿ ಇದ್ದು ಬಾಯೊಳಗಿನ ಅಂಗುಳ ಮಾತ್ರ ಸೀಳಿದ್ದರೆ ಸ್ಕ್ಯಾನಿಗೆ ಸಿಗುವುದೇ ಅಪರೂಪ.

ಹಂತ 6: ನಿಜವಾದ ದೋಷ ಕಂಡರೆ

ಅದೇ ದಿನ ಏನನ್ನೂ ತೀರ್ಮಾನಿಸಬೇಡಿ. ಭ್ರೂಣ ತಜ್ಞರಿಂದ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಹೃದಯದ್ದಾದರೆ ಮಗುವಿನ ಹೃದಯವನ್ನೇ ವಿವರವಾಗಿ ನೋಡುವ ಫೀಟಲ್ ಎಕೋ ಸ್ಕ್ಯಾನ್ ಬೇಕು. ದೋಷ ಕ್ರೋಮೋಸೋಮಿನಿಂದ ಬಂದಿದೆಯಾ ಎಂದು ತಿಳಿಯಲು ಆಮ್ನಿಯೋಸೆಂಟೆಸಿಸ್ ಕೇಳಬಹುದು. ಇಲ್ಲಿ ಅದಕ್ಕೆ ಅರ್ಥವಿದೆ. ಹುಟ್ಟಿದ ಮೇಲೆ ಆಪರೇಷನ್ ಮಾಡುವ ಮಕ್ಕಳ ಸರ್ಜನ್ ಜೊತೆ ಈಗಲೇ ಮಾತಾಡಿ. ಚಿತ್ರ ನೋಡಿದ ನಮಗಿಂತ, ಇಂಥ ಮಕ್ಕಳಿಗೆ ಚಿಕಿತ್ಸೆ ಕೊಟ್ಟು ಬೆಳೆಯುವುದನ್ನು ನೋಡಿದವರು ಚೆನ್ನಾಗಿ ಹೇಳುತ್ತಾರೆ. ಅವರ ಹತ್ತಿರ ಮೂರು ಪ್ರಶ್ನೆ ಬರೆದುಕೊಂಡು ಹೋಗಿ: ಇದು ಒಂದೇನಾ, ಜೊತೆಗೆ ಬೇರೆ ಏನಾದರೂ ಇದೆಯಾ? ಹೆರಿಗೆ ಎಂಥ ಆಸ್ಪತ್ರೆಯಲ್ಲಿ ಆಗಬೇಕು? ಹುಟ್ಟಿದ ಮೊದಲ ವಾರದಲ್ಲಿ ಮಗುವಿಗೆ ಏನೇನು ಮಾಡಬೇಕಾಗುತ್ತದೆ?