ಮಧ್ಯಸ್ಥಿಕೆಯ ಟಿಪ್ಪಣಿ: ಜಗಳ ಬಿಟ್ಟು ಒಪ್ಪಿದ್ದನ್ನಷ್ಟೇ ಬರೆದಾಗ

ಇಬ್ಬರು ಸಹೋದ್ಯೋಗಿಗಳ ನಡುವೆ ಮಾತುಕತೆ ಮುಗಿದ ಮೇಲೆ ಬರೆಯುವ ಟಿಪ್ಪಣಿಯಲ್ಲಿ ಜಗಳದ ವಿವರ ಒಂದು ಸಾಲೂ ಇರಬಾರದು ಎಂದು ನಾನು ಹೇಳಿದಾಗ, ಮಧ್ಯಸ್ಥಿಕೆ ಮಾಡುವ ನಮ್ಮಲ್ಲಿ ಹೆಚ್ಚಿನವರು ತಲೆಯಾಡಿಸಲಿಲ್ಲ. ‘ಹಿನ್ನೆಲೆ ಇಲ್ಲದಿದ್ದರೆ ನಾಳೆ ಓದುವವರಿಗೆ ಏನು ಗೊತ್ತಾಗುತ್ತೆ?’ ಎಂಬುದೇ ಎಲ್ಲರ ಆಕ್ಷೇಪ. ಆದರೆ ನಾಳೆ ಅದನ್ನು ಓದುವವರು ಆ ಇಬ್ಬರೇ, ಅವರಿಗೆ ಹಿನ್ನೆಲೆ ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತು. ಅನುಮಾನಪಟ್ಟವರಲ್ಲಿ ಕೆಲವರು ಈಗ ನನ್ನ ಒಂದು ಪುಟದ ಟಿಪ್ಪಣಿಯ ಮಾದರಿ ಕೇಳಿಕೊಂಡು ಬರುತ್ತಾರೆ.

ಹಳೆಯ ಪದ್ಧತಿಯಲ್ಲಿ ಟಿಪ್ಪಣಿ ಮೂರು ನಾಲ್ಕು ಪುಟ ಆಗುತ್ತಿತ್ತು. ಬರೆಯಲು ಅರ್ಧ ದಿನ, ಆಮೇಲೆ ‘ನಾನು ಹಾಗೆ ಹೇಳಲಿಲ್ಲ’ ಎಂಬ ತಿದ್ದುಪಡಿಗಳ ಇಮೇಲ್ ಎರಡು ಮೂರು ಸುತ್ತು. ಅಷ್ಟರಲ್ಲಿ ವಾರ ಕಳೆದು, ಮುಗಿದ ಜಗಳ ಟಿಪ್ಪಣಿಯ ಮೇಲೆಯೇ ಮತ್ತೆ ಶುರು. ಮೂವರ ಸಂಬಳದ ಗಂಟೆಗಳನ್ನು ಕೂಡಿದರೆ ಮಾತುಕತೆಗಿಂತ ಟಿಪ್ಪಣಿಗೇ ಹೆಚ್ಚು ಖರ್ಚು. ಈಗ ಅದೇ ಕೋಣೆಯಲ್ಲಿ, ಇಬ್ಬರ ಎದುರೇ, ದೊಡ್ಡ ಪರದೆಯ ಮೇಲೆ ಬರೆಯುತ್ತೇನೆ. ಸುಮಾರು ನಲವತ್ತು ನಿಮಿಷ, ಐದಾರು ಅಂಶ, ಅಲ್ಲೇ ಸಹಿ.

ಒಂದು ಪ್ರಕರಣ ಹೇಳಿದರೆ ಸುಲಭ. ತಿಂಗಳ ವರದಿ ಬರೆಯುವವರನ್ನು ರ ಎನ್ನೋಣ, ಅಂಕಿ ಒದಗಿಸುವವರನ್ನು ಸ. ‘ಇವರು ಬೇಕಂತಲೇ ತಡ ಮಾಡ್ತಾರೆ’ ಎಂಬುದು ರ ಅವರ ದೂರು. ‘ರಾತ್ರಿ ಹತ್ತಕ್ಕೆ ಕಚೇರಿಯ ಚಾಟ್ ಗುಂಪಿನಲ್ಲಿ ಎಲ್ಲರೆದುರು ಪ್ರಶ್ನೆ ಹಾಕಿ ಮರ್ಯಾದೆ ತೆಗೀತಾರೆ’ ಎಂಬುದು ಸ ಅವರದು. ಇಂಥ ಕಡೆ ಸಾಮಾನ್ಯವಾಗಿ ಬರುವ ಟಿಪ್ಪಣಿ ಹೀಗಿರುತ್ತದೆ: ‘ಇಬ್ಬರೂ ಪರಸ್ಪರ ಗೌರವದಿಂದ ವರ್ತಿಸತಕ್ಕದ್ದು. ಇನ್ನು ಮುಂದೆ ಮಾಹಿತಿಯನ್ನು ಸಕಾಲದಲ್ಲಿ ನೀಡಲಾಗುವುದು.’

ಈ ಎರಡು ಸಾಲಲ್ಲಿ ನಾಲ್ಕು ತೊಂದರೆ ಇವೆ. ಗೌರವ ಕೊಟ್ಟರೋ ಇಲ್ಲವೋ ಎಂದು ತಿಂಗಳ ನಂತರ ಯಾರೂ ಪರೀಕ್ಷಿಸಲಾರರು. ‘ನೀಡಲಾಗುವುದು’ ಎಂದರೆ ಕೊಡುವವರು ಯಾರೆಂದು ಇಲ್ಲ. ಕಚೇರಿ ಕನ್ನಡ ಕೈಗೆ ಹತ್ತಿದವರಿಗೆ ಈ ರೂಪ ತಾನಾಗಿ ಬರುತ್ತದೆ, ಟಿಪ್ಪಣಿಯಲ್ಲಿ ಒಂದು ಕಂಡರೂ ಕಿತ್ತುಹಾಕಿ. ‘ಸಕಾಲ’ ಇಬ್ಬರ ತಲೆಯಲ್ಲೂ ಬೇರೆ ಬೇರೆ ಗಂಟೆ. ಎಲ್ಲಕ್ಕಿಂತ ಕೆಟ್ಟದ್ದು ‘ಇನ್ನು ಮುಂದೆ’. ಇಲ್ಲಿಯವರೆಗೆ ಕೊಡುತ್ತಿರಲಿಲ್ಲ ಎಂಬ ತೀರ್ಪು ಆ ಎರಡು ಪದದಲ್ಲಿ ಅಡಗಿದೆ. ಸ ಅವರು ಪೆನ್ನು ಕೆಳಗಿಡುವುದು ಅಲ್ಲಿಯೇ. ‘ಮತ್ತೆ’, ‘ಪುನಃ’, ‘ಕನಿಷ್ಠ ಪಕ್ಷ’ ಇವೂ ಅದೇ ಜಾತಿ.

ಕೊನೆಗೆ ನಿಂತ ಮೊದಲ ಅಂಶ ಇದು: ‘ಪ್ರತಿ ತಿಂಗಳ 3ನೇ ಕೆಲಸದ ದಿನ ಸಂಜೆ 4ರೊಳಗೆ ಸ ಅವರು ಹಿಂದಿನ ತಿಂಗಳ ಅಂಕಿಗಳನ್ನು ಹಂಚಿಕೊಂಡ ಕಡತದಲ್ಲಿ ತುಂಬುತ್ತಾರೆ. ಕೈಗೆ ಬಾರದ ಅಂಕಿಯ ಜಾಗದಲ್ಲಿ ಬಾಕಿ ಎಂದು ಬರೆದು, ಬರುವ ದಿನಾಂಕ ಹಾಕುತ್ತಾರೆ.’ ನಿಜವಾದ ಕೆಲಸ ಮಾಡಿದ್ದು ಎರಡನೇ ವಾಕ್ಯ. ಒಂದೆರಡು ಶಾಖೆಯ ಅಂಕಿ ತಡವಾದರೆ ಸ ಅವರು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತಿದ್ದರು. ಅರ್ಧ ತುಂಬಿದ ಕಡತ ಕೊಡಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹತ್ತರಲ್ಲಿ ಎಂಟು ಅಂಕಿ ಇದ್ದರೂ ರ ಅವರ ಕೆಲಸ ನಡೆಯುತ್ತಿತ್ತು. ಮಾತು ಕೊಟ್ಟವರ ಕೈಯಲ್ಲಿಲ್ಲದ ಸಂಗತಿ ಅಡ್ಡ ಬಂದಾಗ ಏನು ಮಾಡಬೇಕು ಎಂಬುದನ್ನು ಅದೇ ಅಂಶದಲ್ಲಿ ಬರೆಯದಿದ್ದರೆ ಮೊದಲ ತಿಂಗಳೇ ಒಪ್ಪಂದ ಮುರಿಯುತ್ತದೆ.

ಎರಡನೆಯದು: ‘ಅಂಕಿಗಳ ಬಗ್ಗೆ ಪ್ರಶ್ನೆ ಇದ್ದರೆ ರ ಅವರು ಕೆಲಸದ ವೇಳೆಯಲ್ಲಿ ಸ ಅವರನ್ನು ನೇರವಾಗಿ ಕೇಳುತ್ತಾರೆ. ಸ ಅವರು ಮರುದಿನ ಮಧ್ಯಾಹ್ನ 12ರೊಳಗೆ ಉತ್ತರಿಸುತ್ತಾರೆ. ಆ ಹೊತ್ತಿಗೆ ಉತ್ತರ ಬಾರದಿದ್ದರೆ ರ ಅವರು ಪ್ರಶ್ನೆಯನ್ನು ಗುಂಪಿನಲ್ಲಿ ಹಾಕಬಹುದು.’ ‘ಗುಂಪಿನಲ್ಲಿ ಅವಮಾನ ಮಾಡುವುದಿಲ್ಲ’ ಎಂದು ಬರೆದಿದ್ದರೆ ರ ಅವರು ಅವಮಾನ ಮಾಡಿದ್ದನ್ನು ಒಪ್ಪಿಕೊಂಡಂತೆ. ಏನು ಮಾಡುವುದಿಲ್ಲ ಎಂಬುದರ ಬದಲು ಆ ಜಾಗದಲ್ಲಿ ಏನು ಮಾಡುತ್ತಾರೆ ಎಂದು ಬರೆದರೆ ಆರೋಪ ತಾನಾಗಿ ಉದುರುತ್ತದೆ. ಗುಂಪಿನ ಬಾಗಿಲನ್ನು ಪೂರ್ತಿ ಮುಚ್ಚದೆ ಇಟ್ಟದ್ದೂ ಬೇಕಂತಲೇ. ದಾರಿ ಪೂರಾ ಕಟ್ಟಿದರೆ ರ ಅವರು ಮೇಲಧಿಕಾರಿಗೇ ದೂರು ಒಯ್ಯುತ್ತಾರೆ.

ಇನ್ನೊಂದು ಗುಂಡಿ ಇದೆ, ಅನುಭವಸ್ಥರೂ ಬೀಳುವಂಥದ್ದು: ‘ಸ ಅವರು ಸಮಯಕ್ಕೆ ಅಂಕಿ ಕೊಟ್ಟರೆ ರ ಅವರು ವರದಿಯಲ್ಲಿ ಅವರ ಹೆಸರು ಹಾಕುತ್ತಾರೆ.’ ನೋಡಲು ಕೊಡು–ಕೊಳ್ಳುವಿಕೆ, ಆದರೆ ಒಂದು ತಪ್ಪಿದರೆ ಎರಡೂ ಹೋಗುತ್ತವೆ. ಪ್ರತಿ ಮಾತೂ ತನ್ನ ಕಾಲ ಮೇಲೆ ನಿಲ್ಲಬೇಕು. ಹೆಸರು ಹಾಕುವುದು ಮೂರನೇ ಅಂಶವಾಗಿ, ಯಾವ ಷರತ್ತೂ ಇಲ್ಲದೆ ಹೋಯಿತು. ‘ಪ್ರಯತ್ನಿಸುತ್ತಾರೆ’ ಎಂದು ಯಾರಾದರೂ ಹಟ ಹಿಡಿದರೆ ಆ ಅಂಶ ಇನ್ನೂ ಒಪ್ಪಿಗೆಯಾಗಿಲ್ಲ ಎಂದೇ ಅರ್ಥ. ಪದ ಹುಡುಕಬೇಡಿ, ಗಡುವನ್ನೋ ಕೆಲಸದ ಅಳತೆಯನ್ನೋ ಚಿಕ್ಕದು ಮಾಡಿ ಕೇಳಿ.

ಇಬ್ಬರೂ ಸೇರಿ ಕೇಳಿದ ಒಂದು ಸಂಗತಿ, ವರದಿಯ ಗಡುವನ್ನು ಒಂದು ದಿನ ಮುಂದಕ್ಕೆ ಹಾಕುವುದು, ಅವರ ಅಧಿಕಾರದಲ್ಲಿ ಇರಲಿಲ್ಲ. ಅದನ್ನು ಒಪ್ಪಿದ ಅಂಶಗಳ ಜೊತೆ ಸೇರಿಸದೆ ಕೆಳಗೆ ಬೇರೆಯಾಗಿ ಬರೆದೆ: ಯಾರು, ಯಾವ ದಿನದೊಳಗೆ, ಯಾರನ್ನು ಕೇಳುತ್ತಾರೆ, ಸಿಗದಿದ್ದರೂ ಮೇಲಿನ ಅಂಶಗಳು ಹಾಗೇ ಉಳಿಯುತ್ತವೆ ಎಂದು.

ನಡುವೆ ಕೆಲವು ಪ್ರಯೋಗಗಳೂ ಆದವು. ಮಾತುಕತೆಯ ಧ್ವನಿ ಮುದ್ರಿಸಿಕೊಂಡರೆ ಇಬ್ಬರೂ ವಕೀಲರಂತೆ ಮಾತಾಡತೊಡಗುತ್ತಾರೆ, ಅದು ದಂಡ. ಖಾಲಿ ಜಾಗ ತುಂಬುವ ಸಿದ್ಧ ನಮೂನೆ ಕೊಟ್ಟರೆ ‘ಸಂವಹನ ಸುಧಾರಿಸುವುದು’ ಎಂದು ತುಂಬಿ ಎದ್ದು ಹೋಗುತ್ತಾರೆ. ಕೆಲಸಕ್ಕೆ ಬಂದದ್ದು ಒಂದೇ: ಸಹಿಗೆ ಮುಂಚೆ ಪ್ರತಿಯೊಬ್ಬರೂ ಎದುರಿನವರ ಮಾತನ್ನು ಗಟ್ಟಿಯಾಗಿ ಓದುವುದು. ತಪ್ಪು ತಿಳಿದದ್ದು ಓದುವಾಗ ನಾಲಿಗೆ ತಡವರಿಸಿ ಗೊತ್ತಾಗುತ್ತದೆ. ಓದಿದ ಮೇಲೆ ಇಬ್ಬರಿಗೂ ಒಂದು ಪ್ರಶ್ನೆ ಕೇಳುತ್ತೇನೆ, ಅದೇನೆಂದು ಇಲ್ಲಿ ಬರೆಯುವುದಿಲ್ಲ, ಅಷ್ಟು ನನಗಿರಲಿ.

ಟಿಪ್ಪಣಿಯ ಪ್ರತಿ ಎರಡೇ, ಒಬ್ಬೊಬ್ಬರಿಗೆ ಒಂದು. ನಾನು ಗೀಚಿಕೊಂಡ ಹಾಳೆಗಳನ್ನು ಅಲ್ಲೇ ಹರಿಯುತ್ತೇನೆ. ಮಾನವ ಸಂಪನ್ಮೂಲ ವಿಭಾಗಕ್ಕೆ ಹೋಗುವುದು ಸಭೆ ನಡೆಯಿತು, ಒಪ್ಪಿಗೆಯಾಯಿತು, ಮರುಪರಿಶೀಲನೆ ಇಂಥ ದಿನ ಎಂಬ ಮೂರು ಸಂಗತಿ ಮಾತ್ರ. ಮೇಲಧಿಕಾರಿಗೆ ಪ್ರತಿ ಬೇಕಿದ್ದರೆ ಅದೂ ಇಬ್ಬರು ಒಪ್ಪಿದ ಒಂದು ಅಂಶವಾಗಿರಬೇಕು. ಕಿರುಕುಳದ ದೂರು, ಹಣದ ದುರುಪಯೋಗ, ಸುರಕ್ಷತೆಯ ವಿಷಯ ಬಂದರೆ ಈ ಟಿಪ್ಪಣಿ ಬರೆಯಲೇಬಾರದು. ಅವು ತನಿಖೆಯ ಪಾಲು, ಅಲ್ಲಿ ‘ಇಬ್ಬರೂ ಒಪ್ಪಿದರು’ ಎಂಬ ಕಾಗದವೇ ಅನ್ಯಾಯವಾಗಬಹುದು.

ಮರುಪರಿಶೀಲನೆ ಸುಮಾರು ನಾಲ್ಕು ವಾರಕ್ಕೆ, ಇಪ್ಪತ್ತು ನಿಮಿಷ. ತಿಂಗಳ ಕೆಲಸವಾದರೆ ಆ ಚಕ್ರ ಒಮ್ಮೆ ಮುಗಿದಿರಬೇಕು. ಪ್ರತಿ ಅಂಶಕ್ಕೂ ಆಯಿತು, ಆಗಲಿಲ್ಲ, ಬದಲಿಸಬೇಕು ಎಂಬ ಮೂರರಲ್ಲಿ ಒಂದು ಗುರುತು. ‘ಯಾಕೆ ಆಗಲಿಲ್ಲ’ ಎಂದು ಕೇಳಿದರೆ ಮತ್ತೆ ಕಥೆ ಶುರುವಾಗುತ್ತದೆ; ‘ಏನು ಬದಲಾದರೆ ಆಗುತ್ತೆ’ ಎಂದು ಕೇಳಿ. ಈ ಪ್ರಕರಣದಲ್ಲಿ ಎರಡನೇ ಅಂಶದ ಮಧ್ಯಾಹ್ನ 12 ನಡೆಯಲಿಲ್ಲ, ಸ ಅವರಿಗೆ ಬೆಳಿಗ್ಗೆ ಪೂರ್ತಿ ಸಭೆಗಳು. 12 ಹೊಡೆದು 3 ಬರೆದು, ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಿದರು. ಹೊಸ ಪ್ರತಿ ಟೈಪು ಮಾಡಲು ಹೋಗಲಿಲ್ಲ.